ಒಂದು P, ಒಂದು F, 54,000 ರೂಪಾಯಿ: ಕೈಬರಹದ ಫಾರ್ಮ್‌ನಲ್ಲಿ ನಂಬರ್ ತಪ್ಪಿದ್ದು ಗೊತ್ತಾಗೋದು ಹೇಗೆ?

(ಈ ವಾರದ ಸಂಚಿಕೆಯ ಬರಹ ರೂಪ)

ಇವತ್ತಿನ ಎಪಿಸೋಡ್ ಶುರುವಾಗೋದು ನಾನೇ ಮಾಡಿದ ಒಂದು ತಪ್ಪಿನಿಂದ. ಬಿ.ಕಾಂ ಮುಗಿದ ಮೇಲೆ ಸ್ವಲ್ಪ ಕಾಲ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡ್ತಿದ್ದೆ. ಕಂಪನಿಗೆ ಮಾಲು ಕೊಡುವವರು, ಕೆಲಸ ಮಾಡಿಕೊಡುವವರು ಎಲ್ಲರೂ ಒಂದು ಫಾರ್ಮ್ ತುಂಬಿ ಕೊಡಬೇಕು: ಹೆಸರು, ವಿಳಾಸ, ಪ್ಯಾನ್, ಜಿಎಸ್‌ಟಿ ನಂಬರ್, ಬ್ಯಾಂಕ್ ಖಾತೆ. ತುಂಬುವುದು ಪೆನ್ನಿನಲ್ಲಿ. ಆಮೇಲೆ ಅದನ್ನು ಸ್ಕ್ಯಾನ್ ಮಾಡ್ತೀವಿ, ಒಂದು ಸಾಫ್ಟ್‌ವೇರ್ ಕೈಬರಹ ಓದಿ ಅಕ್ಷರಗಳನ್ನು ಪರದೆ ಮೇಲೆ ತೋರಿಸುತ್ತೆ. ಪಕ್ಕದಲ್ಲಿ ಫಾರ್ಮ್‌ನ ಚಿತ್ರ ಇರುತ್ತೆ. ನಾನು ಎರಡನ್ನೂ ನೋಡಿ "ಓಕೆ" ಒತ್ತಬೇಕು. ದಿನಕ್ಕೆ ನೂರಾರು ಸಲ.

ಕ್ಯಾಂಟೀನಿಗೆ ಅಡುಗೆ ಮಾಡಿಕೊಡುತ್ತಿದ್ದ ಒಬ್ಬ ಕೇಟರಿಂಗ್ ಅಣ್ಣನ ಫಾರ್ಮ್‌ಗೂ ಹಾಗೇ ಓಕೆ ಒತ್ತಿದೆ. ಅವರ ಪ್ಯಾನ್‌ನ ನಾಲ್ಕನೇ ಅಕ್ಷರ P. ಬರೆಯುವಾಗ P ಹೊಟ್ಟೆಯನ್ನು ಅವರು ಪೂರ್ತಿ ಮುಚ್ಚಿರಲಿಲ್ಲ. ಸಾಫ್ಟ್‌ವೇರ್ ಅದನ್ನು F ಅಂತ ಓದಿತು. ನನ್ನ ಕಣ್ಣಿಗೂ F ಅಂತಲೇ ಕಂಡಿತು.

ಆರೇಳು ತಿಂಗಳಾದ ಮೇಲೆ ಅವರ ಫೋನ್ ಬಂತು. "ಏನಮ್ಮಾ, ನನ್ನ ಬಿಲ್ಲಲ್ಲಿ ಐವತ್ತನಾಲ್ಕು ಸಾವಿರ ಹಿಡಿದಿದ್ದೀರಂತೆ? ಹಬ್ಬಕ್ಕೆ ಹುಡುಗರಿಗೆ ಸಂಬಳ ಕೊಡೋದು ಹೇಗೆ ನಾನು?"

ಒಂದು ಅಕ್ಷರ 54,000 ರೂಪಾಯಿ ಹೇಗಾಯ್ತು ಅಂತ ಮೊದಲು ಹೇಳಿಬಿಡ್ತೀನಿ. ಪ್ಯಾನ್‌ನ ನಾಲ್ಕನೇ ಅಕ್ಷರ, ಆ ಪ್ಯಾನ್ ಯಾವ ಬಗೆಯವರದ್ದು ಅಂತ ಹೇಳುತ್ತೆ. P ಅಂದ್ರೆ ವ್ಯಕ್ತಿ, F ಅಂದ್ರೆ ಪಾಲುದಾರಿಕೆ ಸಂಸ್ಥೆ, C ಅಂದ್ರೆ ಕಂಪನಿ, H ಅಂದ್ರೆ ಹಿಂದೂ ಅವಿಭಕ್ತ ಕುಟುಂಬ, T ಅಂದ್ರೆ ಟ್ರಸ್ಟ್. ಗುತ್ತಿಗೆ ಕೆಲಸದ ಹಣ ಕೊಡುವಾಗ ವ್ಯಕ್ತಿಗೆ 1 ಶೇಕಡಾ ಟಿಡಿಎಸ್ ಹಿಡಿಯಬೇಕು, ಪಾಲುದಾರಿಕೆ ಸಂಸ್ಥೆಗೆ 2 ಶೇಕಡಾ. ಅವರ ಬಿಲ್ 3,00,000 ರೂಪಾಯಿ. F ನೋಡಿದ ನಮ್ಮ ಸಿಸ್ಟಂ 2 ಶೇಕಡಾ, ಅಂದ್ರೆ 6,000 ರೂಪಾಯಿ ಹಿಡಿಯಿತು. ಅಷ್ಟೇ ಆಗಿದ್ದರೆ ಅದು ಸಣ್ಣ ವಿಷಯ. ಆದರೆ F ಇರುವ ಆ ಪ್ಯಾನ್ ಇಲಾಖೆಯ ದಾಖಲೆಯಲ್ಲೇ ಇರಲಿಲ್ಲ. ಸರಿಯಾದ ಪ್ಯಾನ್ ಇಲ್ಲದವರಿಗೆ 20 ಶೇಕಡಾ ಹಿಡಿಯಬೇಕು, ಅಂದ್ರೆ 60,000. ನೀವು ಹಿಡಿದದ್ದು 6,000, ಬಾಕಿ 54,000 ಮತ್ತು ಬಡ್ಡಿ ಕಟ್ಟಿ ಅಂತ ಕಂಪನಿಗೆ ನೋಟಿಸ್ ಬಂತು. ಕಂಪನಿ ಆ ಹಣವನ್ನು ಅಣ್ಣನ ಮುಂದಿನ ಬಿಲ್‌ನಲ್ಲಿ ತಡೆಹಿಡಿಯಿತು. ಮೊದಲು ಹಿಡಿದ 6,000 ರೂಪಾಯಿಯೂ ಅವರ 26ಎಎಸ್‌ನಲ್ಲಿ ಕಾಣಿಸಲಿಲ್ಲ.

ಈಗ ಇವತ್ತಿನ ಪ್ರಶ್ನೆಗೆ ಬರೋಣ. ನಾನು ಓಕೆ ಒತ್ತುವ ಮೊದಲೇ ಈ ತಪ್ಪು ಗೊತ್ತಾಗಬಹುದಿತ್ತಾ? ಆಗಬಹುದಿತ್ತು. ಉತ್ತರ ಅದೇ ಫಾರ್ಮ್‌ನಲ್ಲಿ, ಪ್ಯಾನ್‌ನ ಎರಡು ಸಾಲು ಕೆಳಗೇ ಇತ್ತು.

ಮೊದಲ ಜರಡಿ: ಯಾವ ಮನೆಯಲ್ಲಿ ಏನಿರಬೇಕು

ಅಣ್ಣನ ನಿಜವಾದ ನಂಬರ್ ಇಲ್ಲಿ ಹೇಳಲ್ಲ. ಅದರ ಬದಲು ಪ್ಯಾನ್ ವಿವರಿಸುವಾಗ ಎಲ್ಲರೂ ಬಳಸುವ ಒಂದು ಮಾದರಿ ನಂಬರ್ ತಗೊಳ್ಳೋಣ: `AAAPZ1234C`.

ಪ್ಯಾನ್‌ನಲ್ಲಿ ಹತ್ತು ಮನೆಗಳು. ಮೊದಲ ಐದು ಅಕ್ಷರ, ಆಮೇಲಿನ ನಾಲ್ಕು ಅಂಕಿ, ಕೊನೆಯದು ಮತ್ತೆ ಅಕ್ಷರ. ಈ ಕ್ರಮ ಯಾವತ್ತೂ ಬದಲಾಗಲ್ಲ. ಕೈಬರಹ ಓದುವ ಸಾಫ್ಟ್‌ವೇರ್‌ಗೆ ಇದೊಂದೇ ವಿಷಯ ಹೇಳಿಕೊಟ್ಟರೂ ಅರ್ಧ ತಲೆನೋವು ಹೋಗುತ್ತೆ. ಕೈಬರಹದಲ್ಲಿ ಹೆಚ್ಚು ಗೊಂದಲ ಮಾಡುವ ಜೋಡಿಗಳಲ್ಲಿ ಬಹಳಷ್ಟು ಒಂದು ಅಕ್ಷರ, ಒಂದು ಅಂಕಿಯ ಜೋಡಿಗಳೇ: O ಮತ್ತು 0, I ಮತ್ತು 1, Z ಮತ್ತು 2, S ಮತ್ತು 5, B ಮತ್ತು 8. ಸಾಫ್ಟ್‌ವೇರ್ `AAAP21234C` ಅಂತ ಓದಿದರೆ, ಐದನೇ ಮನೆಯಲ್ಲಿ ಅಂಕಿ ಬರೋ ಹಾಗೇ ಇಲ್ಲ. ಹಾಗಾದ್ರೆ ಅದು Z ಇರಬೇಕು.

ಆದರೆ ಇಲ್ಲೂ ಸ್ವಲ್ಪ ಹುಷಾರಾಗಿರಬೇಕು. 2 ಅಂತ ಕಂಡದ್ದು Z ಅಂತ ಹೇಳೋದು ಸುಲಭ. ಅಕ್ಷರದ ಮನೆಯಲ್ಲಿ 0 ಕಂಡರೆ ಅದು O ಇರಬಹುದು, D ಇರಬಹುದು, Q ಕೂಡ ಇರಬಹುದು. 1 ಕಂಡರೆ I, L, J ಮೂರೂ ಸಾಧ್ಯ. ಇಲ್ಲಿ ಏನೋ ತಪ್ಪಿದೆ ಅನ್ನೋದನ್ನು ಮನೆಯ ನಿಯಮ ಖಚಿತವಾಗಿ ಹೇಳುತ್ತೆ. ಸರಿಯಾದದ್ದು ಯಾವುದು ಅನ್ನೋದನ್ನು ಯಾವಾಗಲೂ ಹೇಳಲ್ಲ.

ಐದನೇ ಮನೆಯಿಂದ ಇನ್ನೊಂದು ಸುಳಿವು ಸಿಗುತ್ತೆ. ವ್ಯಕ್ತಿಯ ಪ್ಯಾನ್ ಆದರೆ ಅದು ಅವರ ಕೊನೆ ಹೆಸರಿನ ಮೊದಲ ಅಕ್ಷರ. ಫಾರ್ಮ್‌ನಲ್ಲಿರುವ ಹೆಸರಿನ ಜೊತೆ ತಾಳೆ ನೋಡಬಹುದು. ನಮ್ಮ ಕಡೆ ಇದು ಸ್ವಲ್ಪ ಕೈಕೊಡುತ್ತೆ. ನಮ್ಮಲ್ಲಿ ಬಹಳ ಜನಕ್ಕೆ ಸರ್‌ನೇಮ್ ಅಂತಲೇ ಇಲ್ಲ, ಇನಿಷಿಯಲ್ ಇರುತ್ತೆ. ಫಾರ್ಮ್‌ನಲ್ಲಿ "ಕೆ. ಆರ್. ಮಂಜುನಾಥ್" ಅಂತ ಬರೆದವರು ಪ್ಯಾನ್ ಅರ್ಜಿಯಲ್ಲಿ ಕೊನೆ ಹೆಸರಿನ ಜಾಗಕ್ಕೆ ಅಪ್ಪನ ಹೆಸರು ರಾಮಯ್ಯ ಅಂತ ಹಾಕಿದ್ದರೆ ಐದನೇ ಅಕ್ಷರ R ಆಗಿರುತ್ತೆ, M ಅಲ್ಲ. ಮದುವೆಯಾದ ಮೇಲೆ ಹೆಸರು ಬದಲಾಯಿಸಿಕೊಂಡರೂ ಪ್ಯಾನ್ ನಂಬರ್ ಹಳೆಯದೇ ಇರುತ್ತೆ. ಆದ್ದರಿಂದ ಐದನೇ ಅಕ್ಷರ ತಾಳೆಯಾಗದಿದ್ದರೆ ಫಾರ್ಮನ್ನು ಇನ್ನೊಂದು ಸಲ ನೋಡಿ. ಅದೊಂದೇ ಕಾರಣಕ್ಕೆ ನಂಬರ್ ತಪ್ಪು ಅಂತ ತೀರ್ಮಾನ ಮಾಡಬೇಡಿ.

ನನ್ನ ಕೇಸ್‌ನಲ್ಲಿ ಈ ಜರಡಿ ಏನೂ ಹಿಡಿಯಲಿಲ್ಲ. ನಾಲ್ಕನೇ ಮನೆಯಲ್ಲಿ ಅಕ್ಷರ ಇರಬೇಕು, ಇತ್ತು. ಅಲ್ಲಿ F ಬರಬಹುದಾ? ಬರಬಹುದು. `AAAFZ1234C` ನೋಡೋಕೆ ಎಲ್ಲ ರೀತಿಯಿಂದಲೂ ಸರಿಯಾದ ಪ್ಯಾನ್. ಟಿಡಿಎಸ್ ರಿಟರ್ನ್ ಫೈಲ್ ಪರೀಕ್ಷೆ ಮಾಡುವ ಸಾಫ್ಟ್‌ವೇರ್ ಕೂಡ ನೋಡಿದ್ದು ಈ ಅಚ್ಚನ್ನು ಮಾತ್ರ, ಅದಕ್ಕೇ ಅಲ್ಲೂ ಪಾಸಾಯ್ತು. ಅಕ್ಷರದ ಜಾಗದಲ್ಲಿ ಇನ್ನೊಂದು ಅಕ್ಷರ, ಅಂಕಿಯ ಜಾಗದಲ್ಲಿ ಇನ್ನೊಂದು ಅಂಕಿ ಬಂದರೆ ಮೊದಲ ಜರಡಿಗೆ ಅದು ಕಾಣಲ್ಲ. P ಮತ್ತು F, U ಮತ್ತು V, 1 ಮತ್ತು 7, 4 ಮತ್ತು 9 ಇವೆಲ್ಲ ಈ ಗುಂಪಿನವು.

ಪ್ಯಾನ್‌ನ ಕೊನೆ ಅಕ್ಷರ ಇದಕ್ಕಾಗಿಯೇ ಇರೋದು. ಮುಂದಿನ ಒಂಬತ್ತರಿಂದ ಲೆಕ್ಕ ಹಾಕಿ ಬರುವ ಪರೀಕ್ಷಾ ಅಕ್ಷರ ಅದು. ಆದರೆ ಆ ಲೆಕ್ಕದ ಸೂತ್ರವನ್ನು ಇಲಾಖೆ ಬಹಿರಂಗ ಮಾಡಿಲ್ಲ. ಹಾಗಾಗಿ ನಮ್ಮಂಥವರು ಪ್ಯಾನ್ ಒಂದನ್ನೇ ಕೈಯಲ್ಲಿ ಹಿಡಿದು ಲೆಕ್ಕ ಹಾಕಿ ನೋಡೋಕೆ ಆಗಲ್ಲ.

ಎರಡನೇ ಜರಡಿ: ಜಿಎಸ್‌ಟಿ ನಂಬರ್‌ನ ಕೊನೆ ಅಕ್ಷರ

ಇಲ್ಲೇ ಆ ಎರಡು ಸಾಲು ಕೆಳಗಿನ ವಿಷಯ ಬರೋದು. ಜಿಎಸ್‌ಟಿ ನಂಬರ್‌ನಲ್ಲಿ 15 ಮನೆ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಮನೆಯಲ್ಲಿ ಆ ವ್ಯಾಪಾರಿಯ ಪ್ಯಾನ್ ಹಾಗೇ ಕೂತಿರುತ್ತೆ. 13ನೆಯದು ಅದೇ ಪ್ಯಾನ್ ಮೇಲೆ ಆ ರಾಜ್ಯದಲ್ಲಿ ಎಷ್ಟನೇ ನೋಂದಣಿ ಅನ್ನೋದು. 14ನೆಯದು ಸಾಮಾನ್ಯವಾಗಿ Z. 15ನೆಯದು ಪರೀಕ್ಷಾ ಅಕ್ಷರ, ಅದರ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ. ಅಂದ್ರೆ ಜಿಎಸ್‌ಟಿ ನಂಬರ್ ಪರೀಕ್ಷೆ ಮಾಡಿದರೆ ಒಳಗಿರುವ ಪ್ಯಾನ್ ಕೂಡ ಪರೀಕ್ಷೆ ಆದಂತೆ.

ನಮ್ಮ ಮಾದರಿಗೆ ಸರಿಯಾದ ಜಿಎಸ್‌ಟಿ ನಂಬರ್ `29AAAPZ1234C1ZW` ಅಂತ ಬರುತ್ತೆ. ಫಾರ್ಮ್‌ನಲ್ಲಿ ಅಣ್ಣ ಅದನ್ನೂ ಅದೇ ಕೈಯಲ್ಲಿ ಬರೆದಿದ್ದರು, P ಹೊಟ್ಟೆ ಅಲ್ಲೂ ತೆರೆದೇ ಇತ್ತು. ಸಾಫ್ಟ್‌ವೇರ್ ಅಲ್ಲೂ F ಓದಿತು: `29AAAFZ1234C1ZW`. ಪ್ಯಾನ್ ಮತ್ತು ಜಿಎಸ್‌ಟಿ ನಂಬರ್ ಒಂದಕ್ಕೊಂದು ಹೊಂದುತ್ತಾ ಅಂತ ಮಾತ್ರ ನೋಡಿದ್ದರೆ ಎರಡರಲ್ಲೂ ಒಂದೇ ತಪ್ಪು, ಪಾಸ್. ಕೊನೆ ಅಕ್ಷರದ ಲೆಕ್ಕ ಹಾಕಿದರೆ ಮಾತ್ರ ಸಿಕ್ಕಿಬೀಳುತ್ತೆ.

ಲೆಕ್ಕ ಹೀಗಿದೆ. ಅಂಕಿಗಳಿಗೆ ಅವುಗಳದ್ದೇ ಬೆಲೆ. A ಗೆ 10, B ಗೆ 11, ಹೀಗೆ Z ಗೆ 35. ಎಡದಿಂದ ಮೊದಲ ಮನೆಯನ್ನು 1ರಿಂದ, ಎರಡನೆಯದನ್ನು 2ರಿಂದ, ಮತ್ತೆ 1, ಮತ್ತೆ 2, ಹೀಗೆ 14 ಮನೆಯವರೆಗೆ ಗುಣಿಸಬೇಕು. ಗುಣಲಬ್ಧ 36 ಅಥವಾ ಹೆಚ್ಚು ಬಂದರೆ ಅದನ್ನು 36ರಿಂದ ಭಾಗಿಸಿ, ಭಾಗಲಬ್ಧ ಮತ್ತು ಶೇಷ ಕೂಡಿಸಬೇಕು. ಉದಾಹರಣೆಗೆ Z ಎರಡರಿಂದ ಗುಣಿಸಿದರೆ 70. ಅದರಲ್ಲಿ 36 ಒಂದು ಸಲ, ಉಳಿದದ್ದು 34, ಕೂಡಿದರೆ 35. ಕೇಳ್ತಿರುವವರು ಗಾಡಿ ಓಡಿಸ್ತಿದ್ದರೆ ತಲೆ ಕೆಡಿಸ್ಕೋಬೇಡಿ, ಓದುವವರಿಗಾಗಿ ಇಲ್ಲಿ ಬರೆದಿದ್ದೀನಿ. ಮೇಲಿನಿಂದ ಕೆಳಕ್ಕೆ ಓದಿದ ಅಕ್ಷರ, ಅದರ ಬೆಲೆ, ಗುಣಿಸುವ ಸಂಖ್ಯೆ, ಸಿಕ್ಕ ಫಲ:

```
2  9  A  A  A  F  Z  1  2  3  4  C  1  Z
2  9 10 10 10 15 35  1  2  3  4 12  1 35
1  2  1  2  1  2  1  2  1  2  1  2  1  2
2 18 10 20 10 30 35  2  2  6  4 24  1 35
```

ಕೊನೆ ಸಾಲನ್ನು ಕೂಡಿದರೆ 199. ಅದನ್ನು 36ರಿಂದ ಭಾಗಿಸಿದರೆ ಶೇಷ 19. 36ರಲ್ಲಿ 19 ಕಳೆದರೆ 17. (ಶೇಷ ಸೊನ್ನೆಯೇ ಬಂದರೆ ಪರೀಕ್ಷಾ ಅಕ್ಷರವೂ 0.) 17 ಅಂದ್ರೆ H. ನಂಬರ್ ಇದೇ ಆಗಿದ್ದರೆ ಕೊನೆ ಅಕ್ಷರ H ಇರಬೇಕಿತ್ತು. ಕಾಗದದಲ್ಲಿ ಇರೋದು W. ಹಾಗಾದ್ರೆ ಎಲ್ಲೋ ಒಂದು ಕಡೆ ತಪ್ಪು ಓದಿದ್ದೀವಿ.

F ಜಾಗಕ್ಕೆ P ಹಾಕಿ ನೋಡಿ. P ಬೆಲೆ 25, ಎರಡರಿಂದ ಗುಣಿಸಿದರೆ 50. ಅದರಲ್ಲಿ 36 ಒಂದು ಸಲ, ಉಳಿದದ್ದು 14, ಒಟ್ಟು 15. ಮೊದಲು 30 ಇದ್ದ ಕಡೆ ಈಗ 15. ಮೊತ್ತ 184, ಶೇಷ 4, 36ರಲ್ಲಿ 4 ಕಳೆದರೆ 32, ಅಂದ್ರೆ W. ಸರಿಹೋಯ್ತು.

ಯಾವುದಾದರೂ ಒಂದೇ ಒಂದು ಮನೆಯನ್ನು ತಪ್ಪು ಓದಿದರೆ ಈ ಲೆಕ್ಕ ಖಂಡಿತ ಹಿಡಿಯುತ್ತೆ, ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ. ಒಂದು ಮನೆಗೆ ಬರಬಹುದಾದ 36 ಚಿಹ್ನೆಗಳಿಗೂ ಬೇರೆ ಬೇರೆ ಫಲ ಬರುವ ಹಾಗೆ ಆ ಗುಣಾಕಾರ ಇದೆ. 29 ಅನ್ನು 24 ಅಂತ ಓದಿದರೆ, 24 ಗುಜರಾತಿನ ಕೋಡ್ ಆದ್ದರಿಂದ ಮೊದಲ ಜರಡಿ ಸುಮ್ಮನಿರುತ್ತೆ, ಇದು ಸುಮ್ಮನಿರಲ್ಲ.

ತಪ್ಪು ಎಲ್ಲಿದೆ ಅಂತ ಹುಡುಕೋದು

ಲೆಕ್ಕ ತಪ್ಪಿದೆ ಅಂತ ಗೊತ್ತಾಯ್ತು. 15 ಮನೆಯಲ್ಲಿ ಯಾವುದು? ನನಗೆ ಆಮೇಲೆ ಕೂತು ಲೆಕ್ಕ ಹಾಕಿದಾಗ ಇಷ್ಟವಾದ ಭಾಗ ಇದು. ತಪ್ಪು ಒಂದೇ ಇದೆ ಅಂದುಕೊಂಡರೆ, ಪ್ರತಿ ಮನೆಯಲ್ಲೂ ಲೆಕ್ಕವನ್ನು ಸರಿಮಾಡುವ ಚಿಹ್ನೆ ಒಂದೇ ಒಂದು ಇರುತ್ತೆ. ಅಂದ್ರೆ ಒಟ್ಟು 15 ಸಾಧ್ಯತೆ. ನಮ್ಮ ಉದಾಹರಣೆಯಲ್ಲಿ ಪ್ಯಾನ್‌ನ ನಾಲ್ಕು ಅಂಕಿಯ ಮನೆಗಳಿಗೆ ಸಿಗುವ ಉತ್ತರ ಅಕ್ಷರಗಳೇ, ಅಲ್ಲಿ ಅಕ್ಷರ ಬರುವಂತಿಲ್ಲ. ರಾಜ್ಯದ ಕೋಡ್‌ನ ಎರಡು ಮನೆಗೂ ಅದೇ ಕಥೆ. 14ನೇ ಮನೆಯ Z ಬದಲಾಗೋದು ಅಪರೂಪ. ಉಳಿದವು A ಬದಲು V, A ಬದಲು K, Z ಬದಲು K, C ಬದಲು M ಈ ಥರ. ಇವುಗಳಲ್ಲಿ ಪೆನ್ನಿನ ಬರಹದಲ್ಲಿ ಒಂದರಂತೆ ಇನ್ನೊಂದು ಕಾಣುವ ಜೋಡಿ ಒಂದೇ: F ಮತ್ತು P.

ಹೀಗೆ ಮನೆಯ ನಿಯಮ, ಕೊನೆ ಅಕ್ಷರದ ಲೆಕ್ಕ, ಒಂದೇ ಥರ ಕಾಣುವ ಜೋಡಿ, ಮೂರನ್ನೂ ಸೇರಿಸಿದರೆ ಸಂಶಯ ಒಂದೇ ಕಡೆ ಬಂದು ನಿಲ್ಲುತ್ತೆ. ಆದರೆ ಇದು ಇನ್ನೂ ಸಂಶಯ ಮಾತ್ರ. ಮುಂದಿನ ಕೆಲಸ ಫಾರ್ಮ್‌ನ ಚಿತ್ರವನ್ನು ದೊಡ್ಡದು ಮಾಡಿ ಆ ಒಂದು ಮನೆ ನೋಡೋದು. ಆಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿ ಹುಡುಕೋದು. ಲಾಗಿನ್ ಬೇಕಿಲ್ಲ, ನೋಂದಾಯಿತ ಹೆಸರು ಕಾಣುತ್ತೆ, ಅದು ಒಬ್ಬರ ಸ್ವಂತ ವ್ಯಾಪಾರವೋ ಪಾಲುದಾರಿಕೆಯೋ ಅನ್ನೋದೂ ಕಾಣುತ್ತೆ. ಹೆಸರು ಫಾರ್ಮ್ ಜೊತೆ ಹೊಂದಿದರೆ ಮುಗೀತು. ಹೊಂದದಿದ್ದರೆ ಅವರಿಗೇ ಒಂದು ಫೋನ್.

ಲೆಕ್ಕ ಪಾಸಾದರೂ ನಂಬಬಾರದ ಜಾಗ

ಎರಡು ಕಡೆ ತಪ್ಪಾದರೆ ಒಂದು ಇನ್ನೊಂದನ್ನು ಮುಚ್ಚಿಹಾಕಬಹುದು. ಒಂದು ಬೆಸ ಮನೆಯಲ್ಲಿ 9 ಅನ್ನು 4 ಅಂತ ಓದಿದರೆ ಮೊತ್ತದಲ್ಲಿ 5 ಕಡಿಮೆಯಾಗುತ್ತೆ. ಇನ್ನೊಂದು ಬೆಸ ಮನೆಯಲ್ಲಿ 2 ಅನ್ನು 7 ಅಂತ ಓದಿದರೆ 5 ಹೆಚ್ಚಾಗುತ್ತೆ. ಮೊತ್ತ ಅಷ್ಟೇ ಉಳಿಯುತ್ತೆ, ಕೊನೆ ಅಕ್ಷರವೂ ಅದೇ. ಎರಡೂ ತಪ್ಪು, ಪರೀಕ್ಷೆ ಪಾಸ್.

ಆಧಾರ್‌ನಲ್ಲಿ ಈ ಅಪಾಯ ಇನ್ನೂ ಸ್ಪಷ್ಟ. ಅಲ್ಲಿ 12 ಮನೆಯೂ ಅಂಕಿಗಳೇ, ಆದ್ದರಿಂದ ಮೊದಲ ಜರಡಿಗೆ ಹೆಚ್ಚು ಕೆಲಸ ಇಲ್ಲ. ಮೊದಲ ಅಂಕಿ 0 ಅಥವಾ 1 ಆಗಿರಲ್ಲ ಅನ್ನೋದೊಂದು ಬಿಟ್ಟರೆ. ಕೊನೆಯ ಅಂಕಿ ಪರೀಕ್ಷೆಗೆ. ಅದರ ಲೆಕ್ಕವನ್ನು ಡಚ್ ಗಣಿತಜ್ಞ ಯಾಕೋಬುಸ್ ವರ್ಹೂಫ್ 1969ರಲ್ಲಿ ಪ್ರಕಟಿಸಿದ್ದರು. ಒಂದು ಅಂಕಿ ತಪ್ಪಾದರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಪ್ರತಿ ಸಲ ಹಿಡಿಯುತ್ತೆ.

ಆದರೆ ಒಂದು ಅಂಕಿ ಚೆಲ್ಲಿದ ಟೀಯಿಂದ ಅಳಿಸಿಹೋಗಿದೆ ಅಂದುಕೊಳ್ಳಿ. ಆ ಮನೆಗೆ ಹತ್ತರಲ್ಲಿ ಒಂದೇ ಅಂಕಿ ಹೊಂದುತ್ತೆ, ಲೆಕ್ಕ ಅದನ್ನು ಹೇಳಿಬಿಡುತ್ತೆ. ಉಳಿದ 11 ಅಂಕಿ ನಿಜವಾಗಿಯೂ ಸರಿ ಇದ್ದರೆ ಮಾತ್ರ ಆ ಉತ್ತರ ಸರಿ. ಎರಡು ಅಂಕಿ ಕಾಣದಿದ್ದರೆ ಸಾಧ್ಯತೆ 100, ಅದರಲ್ಲಿ 10 ಪಾಸಾಗುತ್ತವೆ. ಅವುಗಳಲ್ಲಿ ಒಂದು ಮಾತ್ರ ಈ ಫಾರ್ಮ್ ತುಂಬಿದವರದ್ದು. ಉಳಿದ ಒಂಬತ್ತರಲ್ಲಿ ಯಾವುದಾದರೂ ಬೇರೆ ಯಾರದೋ ಆಧಾರ್ ಆಗಿರಬಹುದು.

ಅದಕ್ಕೇ "ಪಾಸಾಗೋ ತನಕ ಬದಲಾಯಿಸಿ ನೋಡು" ಅಂತ ಸಾಫ್ಟ್‌ವೇರ್‌ಗೆ ಹೇಳಿಕೊಡೋದು ಕೆಟ್ಟ ಉಪಾಯ. ತಪ್ಪಾಗಿ ಓದಿದ ನಂಬರ್ ಪರೀಕ್ಷೆಯಲ್ಲಿ ಫೇಲ್ ಆದರೆ ಯಾರೋ ಒಬ್ಬರು ಫಾರ್ಮ್ ತಿರುಗಿ ನೋಡ್ತಾರೆ. ಊಹೆ ಮಾಡಿ ಪಾಸ್ ಮಾಡಿಸಿದ ತಪ್ಪು ನಂಬರನ್ನು ಆಮೇಲೆ ಯಾರೂ ನೋಡಲ್ಲ. ನಾನು ನೋಡಿದ ಒಳ್ಳೆ ವ್ಯವಸ್ಥೆಗಳಲ್ಲಿ ಸಾಫ್ಟ್‌ವೇರ್ ಮೊದಲು ಓದಿದ್ದು ಒಂದು ಕಾಲಂನಲ್ಲಿ ಹಾಗೇ ಇರುತ್ತೆ, ತಿದ್ದಿದ್ದು ಇನ್ನೊಂದರಲ್ಲಿ, ಯಾರು ತಿದ್ದಿದರು ಅನ್ನೋದು ಮೂರನೆಯದರಲ್ಲಿ. ನಾಳೆ ಪ್ರಶ್ನೆ ಬಂದರೆ ಹಿಂದಕ್ಕೆ ಹೋಗೋಕೆ ದಾರಿ ಇರುತ್ತೆ.

ಇನ್ನೊಂದು ಮಾತು. ಯಾರಾದರೂ ಅವಸರದಲ್ಲಿ ತಮ್ಮ ಬದಲು ಹೆಂಡತಿಯ ಪ್ಯಾನ್ ಬರೆದುಕೊಟ್ಟರೆ ಯಾವ ಲೆಕ್ಕಕ್ಕೂ ಅದು ಗೊತ್ತಾಗಲ್ಲ. ಬರೆದದ್ದನ್ನು ನಾವು ಸರಿಯಾಗಿ ಓದಿದ್ದೀವಾ ಅಂತ ಮಾತ್ರ ಕೊನೆ ಅಕ್ಷರ ಹೇಳುತ್ತೆ. ಅದು ಯಾರ ನಂಬರ್ ಅನ್ನೋದಕ್ಕೆ ಹೆಸರಿನ ಜೊತೆಗೇ ತಾಳೆ ನೋಡಬೇಕು.

ಅಣ್ಣನ ವಿಷಯ ಏನಾಯ್ತು? ಕಂಪನಿ ಟಿಡಿಎಸ್ ರಿಟರ್ನ್‌ಗೆ ತಿದ್ದುಪಡಿ ಹಾಕಿ F ಜಾಗಕ್ಕೆ P ಸೇರಿಸಿತು. 20 ಶೇಕಡಾದ ಬೇಡಿಕೆ ಬಿದ್ದುಹೋಯ್ತು, ತಡೆಹಿಡಿದ 54,000 ಅವರಿಗೆ ಸೇರಿತು, ಮೊದಲಿನ 6,000 ಅವರ 26ಎಎಸ್‌ನಲ್ಲಿ ಕಾಣಿಸಿತು. ಆದರೆ ಅಷ್ಟರಲ್ಲಿ ಹಬ್ಬ ಮುಗಿದಿತ್ತು. ಹುಡುಗರ ಸಂಬಳಕ್ಕೆ ಅವರು ಬಡ್ಡಿಗೆ ಸಾಲ ತಂದಿದ್ದರು, ಆ ಬಡ್ಡಿ ಯಾವ ತಿದ್ದುಪಡಿಯಲ್ಲೂ ವಾಪಸ್ ಬರಲಿಲ್ಲ.

ನಾನು ಕ್ಷಮೆ ಕೇಳೋಕೆ ಕ್ಯಾಂಟೀನಿಗೆ ಹೋಗಿದ್ದೆ. ಮುಂದಿನ ವರ್ಷದ ಫಾರ್ಮ್ ಕೈಯಲ್ಲಿತ್ತು. ಅವರು ಒಂದೊಂದು ಮನೆಗೆ ಒಂದೊಂದು ಅಕ್ಷರ ನಿಧಾನವಾಗಿ ಬರೆದರು. ನಾಲ್ಕನೇ ಮನೆಗೆ ಬಂದಾಗ P ಹೊಟ್ಟೆಯನ್ನು ಎರಡು ಸಲ ತಿದ್ದಿ ಮುಚ್ಚಿ, "ಈಗ ಓದಕ್ಕೆ ಬರುತ್ತೇನಮ್ಮಾ?" ಅಂದರು. ನಾನು ಫೋನ್ ತೆಗೆದು, ಅಲ್ಲೇ ನಿಂತು ಅವರ ಜಿಎಸ್‌ಟಿ ನಂಬರ್‌ನ ಕೊನೆ ಅಕ್ಷರದ ಲೆಕ್ಕ ಹಾಕಿದೆ. ಸರಿ ಬಂತು. ಆಮೇಲೆ ಪೋರ್ಟಲ್‌ನಲ್ಲಿ ಹೆಸರನ್ನೂ ನೋಡಿದೆ.